‘ಓನ್ಲಿ’ಯ ಹಿಂದಿರುವ ‘ಏ’

“ನಮ್ಮ ಕಚೇರಿಯ ಇಮೇಲ್‌ಗಳಲ್ಲಿ ನುಸುಳುವ ‘ಟುಡೇ ಇಟ್‌ಸೆಲ್ಫ್’, ‘ಐ ಓನ್ಲಿ’, ‘ವಾಟ್ ಟು ಡೂ’ಗಳ ಬಗ್ಗೆ ಹಾಸ್ಯ ಲೇಖನವೊಂದನ್ನು ಕಳಿಸಿದ್ದೇನೆ. ಓದಿದ ಗೆಳೆಯರೆಲ್ಲ ನಕ್ಕರು. ಪ್ರಕಟಣೆಗೆ ಯೋಗ್ಯವೇ? ಮುಲಾಜಿಲ್ಲದೆ ತಿಳಿಸಿ.”

ನಮಸ್ಕಾರ.

ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಮೊದಲ ಎರಡು ಪುಟಗಳಲ್ಲಿ ನೀವು ಇಪ್ಪತ್ತಕ್ಕೂ ಹೆಚ್ಚು ತಪ್ಪುಗಳನ್ನು ಸಾಲಾಗಿ ನಿಲ್ಲಿಸಿ ನಗಿಸಲು ನೋಡಿದ್ದೀರಿ. ಐದನೆಯದಕ್ಕೇ ನನ್ನ ನಗು ಮುಗಿದಿತ್ತು. ಆ ತಪ್ಪು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಯನ್ನು ನೀವು ಒಮ್ಮೆಯೂ ಎತ್ತಿಲ್ಲ. ಲೇಖನ ಇರುವುದು ಅಲ್ಲಿ.

ನಿಮ್ಮ ಮೂರನೆಯ ಪುಟದ ಇಮೇಲನ್ನೇ ತೆಗೆದುಕೊಳ್ಳೋಣ: ‘ಐ ಓನ್ಲಿ ಸೆಂಟ್ ದ ಫೈಲ್.’ ಬರೆದವನ ತಲೆಯಲ್ಲಿದ್ದದ್ದು ‘ಫೈಲನ್ನು ಕಳಿಸಿದವನು ನಾನೇ’. ಇಂಗ್ಲೆಂಡಿನ ಕಚೇರಿಯಲ್ಲಿ ಕುಳಿತವನು ಅದನ್ನು ಓದಿದರೆ ಅವನಿಗೆ ಕಾಣುವುದು ‘ನಾನು ಫೈಲನ್ನು ಕಳಿಸಿದೆ, ಅಷ್ಟೆ, ಬೇರೇನೂ ಮಾಡಲಿಲ್ಲ’. ಹೊಣೆ ಹೊರಲು ಹೋದವನು ಕೈ ತೊಳೆದುಕೊಂಡಂತಾಯಿತು! ಇದರ ಜೊತೆಗೆ ‘ನಾನು ಮಾತ್ರ ಕಳಿಸಿದೆ, ಉಳಿದವರು ಕಳಿಸಲಿಲ್ಲ’ ಎಂಬ ಮೂರನೆಯ ಅರ್ಥವನ್ನೂ ಇಟ್ಟು ನೋಡಿ. ಕನ್ನಡದಲ್ಲಿ ‘ಏ’, ‘ಮಾತ್ರ’, ‘ಅಷ್ಟೆ’ ಎಂದು ಮೂರು ಬೇರೆ ಸಾಧನಗಳಿವೆ. ಬರೆಯುವವನು ಮೂರಕ್ಕೂ ಒಂದೇ ‘ಓನ್ಲಿ’ಯನ್ನು ಹಚ್ಚುತ್ತಾನೆ. ಚೆಕ್ಕಿನ ಮೇಲೆ ‘ಐದು ಸಾವಿರ ರೂಪಾಯಿ ಮಾತ್ರ’ ಎಂಬುದನ್ನು ‘ಓನ್ಲಿ’ ಎಂದು ಬರೆದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ಬೇಕಾದ ಅರ್ಥವೇ ‘ಮಾತ್ರ’. ಎಡವುವುದು ‘ಏ’ ಬಂದಾಗ.

ಶಾಲೆಯಲ್ಲಿ ಅವಧಾರಣಾರ್ಥಕ ಅವ್ಯಯ ಎಂದು ಓದಿದ್ದೇವಲ್ಲ, ಅದೇ ಈ ‘ಏ’. ಯಾವ ಪದಕ್ಕೆ ಬೇಕಾದರೂ ಅಂಟಿಕೊಂಡು ಒತ್ತು ಕೊಡುತ್ತದೆ. ಇಂಗ್ಲಿಷಿನಲ್ಲಿ ಅಂಥ ಒಂಟಿ ಅಂಟು ಇಲ್ಲ. ದನಿ ಏರಿಸಿ ಒತ್ತು ಕೊಡಬಹುದು, ಆದರೆ ಇಮೇಲಿಗೆ ದನಿಯಿಲ್ಲ. ಹಾಗಾಗಿ ‘ಏ’ ಎಲ್ಲಿ ಏನು ಹೇಳುತ್ತಿದೆ ಎಂದು ನೋಡಿ ಪ್ರತಿ ಸಲವೂ ಬೇರೆ ಮಾತು ಹುಡುಕಬೇಕು. ‘ನಿನ್ನೆಯೇ ಕಳಿಸಿದೆ’ ಎಂಬಲ್ಲಿ ಅದು ‘ನೀವು ಕೇಳುವ ಮೊದಲೇ’ ಎನ್ನುತ್ತಿದೆ. ಅಲ್ಲಿಗೆ ‘ಆಲ್ರೆಡಿ’ ಹೊಂದುತ್ತದೆ. ‘ಇವತ್ತೇ ಕಳಿಸಿ’ ಎಂಬಲ್ಲಿ ‘ನಾಳೆಗೆ ದಾಟಿಸಬೇಡಿ’ ಎನ್ನುತ್ತಿದೆ. ‘ಬೈ ದಿಸ್ ಈವನಿಂಗ್’ ಎಂದರೆ ಕೆಲಸವಾಗುತ್ತದೆ. ‘ನಾನೇ’ ಎಂಬಲ್ಲಿ ‘ಬೇರೆಯವರಲ್ಲ’ ಎನ್ನುತ್ತಿದೆ. ‘ಐ ವಾಸ್ ದ ಒನ್ ಹೂ ಸೆಂಟ್ ಇಟ್’ ಎನ್ನಬೇಕು. ಇಷ್ಟನ್ನು ತೋರಿಸಿದರೆ ಓದುಗ ನಾಳೆಯ ಇಮೇಲನ್ನು ತಾನೇ ತಿದ್ದಿಕೊಳ್ಳುತ್ತಾನೆ.

‘ವಾಟ್ ಟು ಡೂ’ ಬಗ್ಗೆ ನೀವು ಎರಡೇ ಸಾಲು ಬರೆದಿರುವುದು ಆಶ್ಚರ್ಯ. ಕನ್ನಡದಲ್ಲಿ ‘ಏನು ಮಾಡುವುದು’ ಎಂಬುದು ನಿಟ್ಟುಸಿರು. ಪ್ರಶ್ನೆಯ ವೇಷ ಹಾಕಿಕೊಂಡಿರುತ್ತದೆ, ಅಷ್ಟೆ. ಯಾರೂ ಉತ್ತರ ಕೊಡುವುದಿಲ್ಲ, ಹೆಚ್ಚೆಂದರೆ ‘ಹೌದು ಬಿಡಿ’ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೊರದೇಶದ ಒಬ್ಬ ವಿನ್ಯಾಸಕಾರರಿಗೆ ‘ಕಾಗದ ಇನ್ನೂ ಬಂದಿಲ್ಲ, ವಾಟ್ ಟು ಡೂ’ ಎಂದು ಬರೆದಿದ್ದೆ. ಆ ಪುಣ್ಯಾತ್ಮರು ಕಾಗದವನ್ನು ಬೇರೆಲ್ಲಿ ವಿಚಾರಿಸಬೇಕು, ಯಾರನ್ನು ಒತ್ತಾಯಿಸಬೇಕು ಎಂದು ಏಳು ಅಂಶಗಳ ಉತ್ತರ ಕಳಿಸಿದರು. ನನಗೆ ಬೇಕಿದ್ದದ್ದು ಒಂದು ಚೂರು ಅನುಕಂಪ. ಅಂಥ ಕಡೆ ಆ ಮಾತನ್ನು ಪೂರ್ತಿ ಬಿಟ್ಟು ‘ಗುರುವಾರದವರೆಗೆ ಕಾಯಬೇಕಾಗಿದೆ’ ಎಂದು ವಿಷಯವನ್ನೇ ಹೇಳುವುದು ಒಳ್ಳೆಯದು.

ಇನ್ನೊಂದು ತಕರಾರು. ‘ಇದೆಲ್ಲ ಕನ್ನಡಿಗರ ಖಾಸಗಿ ಆಸ್ತಿ’ ಎಂದು ಬರೆದಿದ್ದೀರಿ. ಅಲ್ಲ. ಹಿಂದಿಯ ‘ಹೀ’, ತಮಿಳಿನ ‘ತಾನ್’ ಕೂಡ ಇದೇ ‘ಓನ್ಲಿ’ಯನ್ನು ಹೆರುತ್ತವೆ. ‘ಡೂ ದ ನೀಡ್‌ಫುಲ್’ ಅನ್ನು ಈ ಪಟ್ಟಿಗೆ ಸೇರಿಸಿದ್ದಂತೂ ಪೂರಾ ತಪ್ಪು. ಅದು ಬ್ರಿಟಿಷರ ಹಳೆಯ ಕಡತಗಳ ಇಂಗ್ಲಿಷ್, ನಮ್ಮ ಅನುವಾದವಲ್ಲ. ಅದನ್ನು ತೆಗೆಯಿರಿ.

ಕೊನೆಯ ಪುಟದ ಗುಮಾಸ್ತರನ್ನೂ ತೆಗೆಯಿರಿ. ಅವರು ಪಕ್ಕದ ಮೇಜಿನವರಿಗೆ ‘ದೇರ್ ಓನ್ಲಿ’ ಎಂದು ಬರೆದಿದ್ದಾರೆ, ಪಕ್ಕದ ಮೇಜಿನವರು ‘ಅಲ್ಲೇ’ ಎಂದು ಸರಿಯಾಗಿ ಓದಿಕೊಂಡಿದ್ದಾರೆ. ಇಬ್ಬರಿಗೂ ಯಾವ ತೊಂದರೆಯೂ ಆಗಿಲ್ಲ, ನಿಮಗೊಬ್ಬರಿಗೆ ಮಾತ್ರ ಆಗಿದೆ. ಪತ್ರ ಕನ್ನಡ ಬಾರದವನ ಕೈಗೆ ಸಿಕ್ಕಿದಾಗ ಏನಾಗುತ್ತದೆ ಎಂಬುದೇ ನಿಮ್ಮ ಕಥೆ.

ಮೂರನೆಯ ಪುಟದ ಆ ಫೈಲಿನ ಇಮೇಲಿನಿಂದ ಆರಂಭಿಸಿ ಮತ್ತೆ ಬರೆಯಿರಿ. ಎರಡು ಪುಟ ಸಾಕು. ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.