ಆ ಖಾಲಿ ಟೇಬಲ್‌ನಲ್ಲಿ ‘ಇಲ್ಲ’ ಅಂತ ಬರೆಯಬೇಡಿ

“ಎಂಟು ವಾರದ ಇಂಟರ್ನ್‌ಶಿಪ್ ಆಫರ್ ಬಂದಿದೆ. ನೋಟಿಸ್ 30 ದಿನ ಅಂತಿದೆ. ಕೊನೆ ಪುಟದಲ್ಲಿ ‘ಹಿಂದಿನ ಕೆಲಸಗಳು’ ಅಂತ ಖಾಲಿ ಟೇಬಲ್ ಇದೆ. ನಂದೊಂದು ಓಪನ್ ಸೋರ್ಸ್ ಪ್ರಾಜೆಕ್ಟ್ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ? ‘ಇಲ್ಲ’ ಅಂತ ಬರೆದು ಸೈನ್ ಮಾಡ್ಲಾ?”

ಬೇಡ. ಅದೇ ಎರಡಕ್ಷರ ಬರೆದು ನಾನು ಸಿಕ್ಕಿಬಿದ್ದಿದ್ದೆ. ಇಂಟರ್ನ್‌ಶಿಪ್‌ನಲ್ಲಿ ಮಾಡಿದ್ದೆಲ್ಲ ಕಂಪನಿಯದ್ದು ಅನ್ನುವ ಮಾಲೀಕತ್ವದ ಷರತ್ತಿನಿಂದ ನಿಮ್ಮ ಹಳೇ ಕೆಲಸವನ್ನು ಹೊರಗಿಡಲು ಇರುವ ಜಾಗವೇ ಆ ಟೇಬಲ್.

ಬಿಲ್‌ಗಳ ಪಿಡಿಎಫ್‌ನಿಂದ ಟೇಬಲ್ ಎತ್ತಿಕೊಡುವ ಸಣ್ಣ ಲೈಬ್ರರಿಯೊಂದನ್ನು ನಾನು ಇಂಟರ್ನ್ ಆಗುವ ಮೊದಲೇ ಬರೆದಿದ್ದೆ. ಅಲ್ಲಿ ಕೊಟ್ಟ ಕೆಲಸವೂ ಬಿಲ್ ಓದಿಸುವುದೇ. ಮೂರನೇ ವಾರ ನನ್ನ ಲೈಬ್ರರಿಯನ್ನೇ ತಂದು ಹಾಕಿದೆ. ಮ್ಯಾನೇಜರ್‌ಗೆ ಖುಷಿಯೋ ಖುಷಿ. ಅಲ್ಲೇ ಕೂತು ನಾಲ್ಕು ಬಗ್ ತಿದ್ದಿ, ಅದನ್ನು ನನ್ನ ರೆಪೊಗೂ ಪುಶ್ ಮಾಡಿದೆ. ಬಿಡುವ ವಾರ ಮೇಲ್ ಬಂತು: ರೆಪೊ ತೆಗೆಯಿರಿ. ಇದು ನನ್ನ ಹಳೇ ಕೆಲಸ ಅಂದರೆ, ನಾನೇ ಸೈನ್ ಮಾಡಿದ ಟೇಬಲ್ ತೋರಿಸಿದರು. ಹಳೇ ಕಮಿಟ್‌ಗಳನ್ನು ನೋಡಿ ಕೊನೆಗೆ ಮೂಲ ನನ್ನದು ಅಂತ ಒಪ್ಪಿದರು. ಆ ನಾಲ್ಕು ತಿದ್ದುಪಡಿ ಮಾತ್ರ ಕಿತ್ತು ಹಾಕಬೇಕಾಯಿತು. ಅವು ನಿಜಕ್ಕೂ ಯಾರದ್ದು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಹಾಗಾಗಿ ಟೇಬಲ್ ತುಂಬಿ. ಪ್ರಾಜೆಕ್ಟ್ ಹೆಸರು, ಏನು ಮಾಡುತ್ತದೆ ಅನ್ನುವ ಒಂದು ಸಾಲು, ಶುರುವಾದ ದಿನ, ಸೈನ್ ಮಾಡುವ ದಿನ ಅದು ಎಲ್ಲಿಯವರೆಗೆ ಬಂದಿತ್ತು ಅನ್ನುವುದು. ಕೊನೆಯ ಎರಡು ಇಲ್ಲಿ ಸಿಗುತ್ತವೆ:

```
git log --reverse --format="%ad %h" | head -1
git rev-parse HEAD
```

ಕಮಿಟ್ ದಿನಾಂಕವನ್ನು ಯಾರು ಬೇಕಾದರೂ ತಿದ್ದಬಹುದು. ಅದಕ್ಕೇ ಎರಡನೇ ಕಮಾಂಡ್ ಕೊಡುವ ಹ್ಯಾಶ್ ಅನ್ನು ಸೈನ್ ಮಾಡುವ ಮೊದಲೇ ಎಚ್‌ಆರ್‌ಗೆ ಮೇಲ್ ಮಾಡಿ, ಆ ಮೇಲ್‌ನ ದಿನಾಂಕವೇ ನಿಮ್ಮ ಸಾಕ್ಷಿ. ತುಂಬಿದ ಟೇಬಲ್‌ನ ಗೂಗಲ್ ಡಾಕ್ಸ್ ಲಿಂಕ್ ಕಳಿಸಬೇಡಿ, ಆಮೇಲೆ ತಿದ್ದಿದ್ದೀರಿ ಅನ್ನುತ್ತಾರೆ. ಪಿಡಿಎಫ್ ಲಗತ್ತಿಸಿ. ಡಾಕ್ಯುಸೈನ್ ತರಹದ್ದರಲ್ಲಿ ಸೈನ್ ಮಾಡಿದರೆ ಆ ಕ್ಷಣವೇ ಪ್ರತಿ ಇಳಿಸಿಕೊಳ್ಳಿ. ‘ಮೇಲ್‌ನಲ್ಲಿ ಲಿಂಕ್ ಇದೆಯಲ್ಲ’ ಅಂತ ಕೂರಬೇಡಿ.

ಈಗ ಮಾಲೀಕತ್ವದ ಷರತ್ತು ಮತ್ತೆ ಓದಿ. ‘ಕೆಲಸಕ್ಕೆ ಸಂಬಂಧಿಸಿದ’ ಅಥವಾ ‘ಕಂಪನಿಯ ಸಾಧನ ಬಳಸಿ’ ಅಂತ ಎಲ್ಲಾದರೂ ಇದೆಯಾ? ಬರೀ ‘ಅವಧಿಯಲ್ಲಿ ಮಾಡಿದ ಎಲ್ಲವೂ’ ಅಂತಿದ್ದರೆ ನೀವು ಭಾನುವಾರ ಮನೆಯಲ್ಲಿ ಬರೆದದ್ದೂ ಅದರೊಳಗೆ ಬರುತ್ತದೆ. ಆ ಎರಡರಲ್ಲಿ ಒಂದನ್ನು ಸೇರಿಸಿ ಅಂತ ಕೇಳಿ. ಪಕ್ಕದಲ್ಲೇ ಇನ್ನೊಂದು ಸಾಲು ಇರಬಹುದು: ನಿಮ್ಮ ಹಳೇ ಕೋಡನ್ನು ಅವರ ಪ್ರಾಡಕ್ಟ್‌ಗೆ ಹಾಕಿದರೆ ಅವರಿಗೆ ಶಾಶ್ವತ, ಉಚಿತ ಲೈಸೆನ್ಸ್. ಟೇಬಲ್ ತುಂಬಿದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನನ್ನಂತೆ ಖುಷಿಗೆ ತಂದು ಸುರಿಯಬೇಡಿ.

‘ಸ್ಟೈಪೆಂಡ್ ಇಲ್ಲದಿದ್ದರೆ ಎಲ್ಲ ನಿಮ್ಮದೇ’ ಅಂತ ಕೆಲವರು ಹೇಳುತ್ತಾರೆ. ಅರ್ಧ ಸರಿ. ಇಂಟರ್ನ್ ನೌಕರನೋ ಅಲ್ಲವೋ ಅನ್ನುವ ಗೊಂದಲ ಇರುವುದರಿಂದಲೇ ಮಾಲೀಕತ್ವದ ಷರತ್ತನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು. ಸೈನ್ ಬಿದ್ದ ಮೇಲೆ ಆ ವಾದ ತೆಳುವಾಗುತ್ತದೆ.

ನೋಟಿಸ್‌ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ಆದರೆ ಲೆಕ್ಕ ಹಾಕಿ. ಎಂಟು ವಾರ ಅಂದರೆ 56 ದಿನ. 26ನೇ ದಿನ ದಾಟಿದ ಮೇಲೆ ನೋಟಿಸ್ ಕೊಟ್ಟರೆ ಅದು ಮುಗಿಯುವ ಮೊದಲೇ ಇಂಟರ್ನ್‌ಶಿಪ್ ಮುಗಿದಿರುತ್ತದೆ. ಕಚ್ಚುವುದು ಅದರ ಕೆಳಗಿನ ಸಾಲು: ಮಧ್ಯೆ ಬಿಟ್ಟರೆ ಸ್ಟೈಪೆಂಡ್ ವಾಪಸಾ? ಸರ್ಟಿಫಿಕೇಟ್ ಇಲ್ಲವಾ? ಕಂಪನಿಯೂ ಅಷ್ಟೇ ದಿನ ನೋಟಿಸ್ ಕೊಡಬೇಕಾ, ಅಥವಾ ನಿಮಗೆ 30, ಅವರಿಗೆ ‘ತಕ್ಷಣ’ವಾ? ಹಾಗಿದ್ದರೆ ಇಬ್ಬರಿಗೂ ಏಳು ದಿನ ಅಂತ ಕೇಳಿ ನೋಡಿ. ನನ್ನ ಜೂನಿಯರ್ ಒಬ್ಬಳಿಗೆ ಒಂದೇ ಮೇಲ್‌ಗೆ ಒಪ್ಪಿದರು. ಇನ್ನೊಬ್ಬನಿಗೆ ‘ಇದು ನಮ್ಮ ಸ್ಟ್ಯಾಂಡರ್ಡ್ ಫಾರ್ಮ್ಯಾಟ್’ ಅಂದರು, ಅವನು ಹಾಗೇ ಸೈನ್ ಮಾಡಿದ.

ಗೌಪ್ಯತೆಯ ಷರತ್ತಿನಲ್ಲಿ ಎಲ್ಲರೂ ಮರೆಯುವುದು ಕಾಲೇಜಿನ ರಿಪೋರ್ಟ್. ಗೈಡ್‌ಗೆ ಸ್ಕ್ರೀನ್‌ಶಾಟ್, ಡಿಸೈನ್ ಚಿತ್ರ ಎಲ್ಲ ಕೊಡಬೇಕಲ್ವಾ? ಷರತ್ತಿನ ಪ್ರಕಾರ ಗೈಡ್ ಕೂಡ ಹೊರಗಿನವರೇ. ‘ರಿಪೋರ್ಟನ್ನು ಕಂಪನಿ ನೋಡಿ ಒಪ್ಪಿದ ಮೇಲೆ ಕಾಲೇಜಿಗೆ ಕೊಡಬಹುದು’ ಅಂತ ಒಂದು ಸಾಲು ಈಗಲೇ ಬರೆಸಿಕೊಳ್ಳಿ. ಕೊನೆ ವಾರ ಕೇಳಿದರೆ ಒಪ್ಪಿಗೆ ಕೊಡುವವರು ರಜೆಯಲ್ಲಿರುತ್ತಾರೆ. ಅಂದಹಾಗೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಸ್ವಂತ ಗಿಟ್‌ಹಬ್ ಖಾತೆಗೆ ಲಾಗಿನ್ ಆಗಬೇಡಿ. ನನ್ನ ಆ ನಾಲ್ಕು ಕಮಿಟ್ ಹೋಗಿದ್ದು ಆ ಲ್ಯಾಪ್‌ಟಾಪ್‌ನಿಂದಲೇ.