ಮನಸ್ಸು ಬರಲಿ ಅಂತ ಕಾಯಬೇಕಾ?

ಪ್ರಶ್ನೆ: ನನಗೆ 34 ವರ್ಷ. ಐದು ತಿಂಗಳಿಂದ ಏನೂ ಮಾಡುತ್ತಿಲ್ಲ. ಕೆಲಸಕ್ಕೆ ರಜೆ ಹಾಕಿದ್ದೇನೆ. ದಿನವಿಡೀ ಹಾಸಿಗೆ, ಮೊಬೈಲು, ಮತ್ತೆ ಹಾಸಿಗೆ. ಸ್ನಾನ ವಾರಕ್ಕೆ ಎರಡು ಸಲ. ವಾಲಿಬಾಲ್ ಆಡುತ್ತಿದ್ದೆ, ಬಿಟ್ಟೆ. ಗೆಳೆಯರ ಮೆಸೇಜು ತೆರೆಯೋಕೂ ಭಯ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಖಿನ್ನತೆ ಅಂತ ಮಾತ್ರೆ ಕೊಟ್ಟಿದ್ದಾರೆ. ಸಾಯುವ ಯೋಚನೆ ಇಲ್ಲ. ಎಲ್ಲರೂ ‘ಏನಾದರೂ ಮಾಡ್ತಾ ಇರು’ ಅಂತಾರೆ. ಮನಸ್ಸೇ ಇಲ್ಲದೆ ಹೇಗೆ ಮಾಡಲಿ?

ಉತ್ತರ: ‘ಏನಾದರೂ ಮಾಡ್ತಾ ಇರು’ ಅನ್ನುವುದು ಕೆಟ್ಟ ಸಲಹೆಯಲ್ಲ, ಅರ್ಧ ಸಲಹೆ. ಏನು, ಎಷ್ಟು, ಯಾವಾಗ ಅಂತ ಯಾರೂ ಹೇಳುವುದಿಲ್ಲ ನೋಡಿ, ಕಷ್ಟ ಇರುವುದು ಅಲ್ಲೇ.

ನಿಮಗೆ ಆಗಿರುವುದು ಸೋಮಾರಿತನ ಅಲ್ಲ. ಬೇಸರ ಬಂದಾಗ ನಾವು ಒಂದೊಂದೇ ಕೆಲಸ ಕೈಬಿಡುತ್ತೇವೆ. ಬಿಟ್ಟ ಕೂಡಲೇ ಸ್ವಲ್ಪ ಹಗುರ ಅನಿಸುತ್ತದೆ. ಮೆಸೇಜು ತೆರೆಯಲಿಲ್ಲ, ಸದ್ಯಕ್ಕೆ ಭಯ ತಪ್ಪಿತು. ಆ ಹಗುರವೇ ನಾಳೆಯೂ ಬಿಡಲು ಕಲಿಸುತ್ತದೆ. ಆದರೆ ಗೆಳೆಯರ ಜೊತೆಗಿನ ನಗು, ಆಟದ ಬೆವರು, ‘ಇದನ್ನು ನಾನು ಮಾಡಿದೆ’ ಅನ್ನುವ ತೃಪ್ತಿ ಎಲ್ಲ ಅದರ ಜೊತೆಗೇ ಹೋಗುತ್ತವೆ. ಮನಸ್ಸಿಗೆ ಸಿಗಬೇಕಾದದ್ದು ಸಿಗದೆ ಅದು ಇನ್ನೂ ಕುಗ್ಗುತ್ತದೆ, ಕುಗ್ಗಿದ್ದಕ್ಕೆ ಮತ್ತೊಂದು ಕೆಲಸ ಬಿಟ್ಟುಹೋಗುತ್ತದೆ. ಈ ಸುತ್ತನ್ನು ಮನಸ್ಸಿನ ಕಡೆಯಿಂದ ಮುರಿಯುವುದು ಕಷ್ಟ. ಕೈಕಾಲಿನ ಕಡೆಯಿಂದ ಮುರಿಯಬಹುದು. ಇದನ್ನು ಬಿಹೇವಿಯರಲ್ ಆಕ್ಟಿವೇಷನ್ ಅನ್ನುತ್ತಾರೆ. ಮೊದಲು ಕೆಲಸ, ಆಮೇಲೆ ಮನಸ್ಸು. ಇದು ಬರೀ ಸಮಾಧಾನದ ಮಾತಲ್ಲ. ನೀಲ್ ಜೇಕಬ್‌ಸನ್ ಎಂಬ ಮನಶ್ಶಾಸ್ತ್ರಜ್ಞರ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಚನೆಗಳನ್ನು ತಿದ್ದುವ ಪೂರ್ತಿ ಚಿಕಿತ್ಸೆಯಷ್ಟೇ ಫಲವನ್ನು ಈ ಚಟುವಟಿಕೆಯ ಭಾಗವೊಂದೇ ಕೊಟ್ಟಿತ್ತು.

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಸುಮ್ನೆ ಬರೆದಿಡಿ. ಒಂದು ಹಾಳೆಯಲ್ಲಿ ಗಂಟೆಗೊಂದು ಸಾಲು: ಏನು ಮಾಡುತ್ತಿದ್ದೆ, ಆಗ ಮನಸ್ಸು 10ಕ್ಕೆ ಎಷ್ಟಿತ್ತು. ‘ಮಲಗಿದ್ದೆ, 2’ ಅಂತ ಬರೆದರೂ ಅದು ಬರಹವೇ. ರಾತ್ರಿ ಒಟ್ಟಿಗೆ ನೆನಪಿಸಿಕೊಂಡು ಬರೆಯಬೇಡಿ. ಕುಗ್ಗಿದ ಮನಸ್ಸು ಇಡೀ ದಿನಕ್ಕೆ ಒಂದೇ ಅಂಕ ಕೊಟ್ಟುಬಿಡುತ್ತದೆ. ಊಟ, ಸಂಜೆ, ಮಲಗುವ ಹೊತ್ತು, ಹೀಗೆ ಮೂರು ಸಲವಾದರೂ ತುಂಬಿಸಿ.

ನನ್ನ ಬಳಿ ಬರುತ್ತಿದ್ದ ಒಬ್ಬ ಮಹಿಳೆಯ ಕಥೆ ಹೇಳುತ್ತೇನೆ (ಗುರುತು ಸಿಗದಂತೆ ಬದಲಾಯಿಸಿದ್ದೇನೆ). ಅವರೂ ನಿಮ್ಮಂತೆಯೇ ಮಲಗಿಬಿಟ್ಟಿದ್ದರು. ‘ಎಲ್ಲ ಒಂದೇ ಥರ ಕೆಟ್ಟದು’ ಅನ್ನುತ್ತಿದ್ದರು. ಹಾಳೆ ನೋಡಿದರೆ ಹಾಗಿರಲಿಲ್ಲ. ಬೆಳಗ್ಗೆ ಎದ್ದಾಗ 3. ಮತ್ತೆ ಮಲಗಿ ಎರಡು ಗಂಟೆ ಮೊಬೈಲು ನೋಡಿದ ಮೇಲೆ 1. ಆ ಮಲಗುವುದನ್ನು ಅವರು ವಿಶ್ರಾಂತಿ ಅಂದುಕೊಂಡಿದ್ದರು. ಒಂದು ಸಂಜೆ ಮಾತ್ರ 4 ಇತ್ತು, ಯಾಕೆ ಅಂತ ಅವರಿಗೇ ಗೊತ್ತಿರಲಿಲ್ಲ. ನೋಡಿದರೆ ಆ ಹೊತ್ತಿಗೆ ತಂಗಿಯ ಫೋನು ಬಂದಿತ್ತು, ಮಾತಾಡುತ್ತಾ ಬಾಲ್ಕನಿಯಲ್ಲಿ ನಿಂತಿದ್ದರು. 1 ಮತ್ತು 4ರ ನಡುವಿನ ಈ ವ್ಯತ್ಯಾಸವನ್ನೇ ನಾವು ಹುಡುಕುವುದು. 9 ಸಿಗಲಿ ಅಂತ ಕಾದರೆ ಸಿಗುವುದಿಲ್ಲ.

ಎರಡನೇ ವಾರ ಅವರು ಆರಿಸಿಕೊಂಡದ್ದು ಒಂದೇ ಕೆಲಸ: ಬೆಳಗ್ಗೆ 8ಕ್ಕೆ ಬಾಲ್ಕನಿಯ ಒಣಗಿದ ಕುಂಡಗಳ ಪೈಕಿ ಒಂದಕ್ಕೆ ನೀರು. ಒಂದೇ ಕುಂಡ. ನಗು ಬರುವಷ್ಟು ಚಿಕ್ಕದು ಅಲ್ವಾ? ಬೇಕಂತಲೇ ಹಾಗೆ ಇಟ್ಟದ್ದು. ಅತಿ ಕೆಟ್ಟ ದಿನದಲ್ಲೂ ಆಗುವಷ್ಟೇ ದೊಡ್ಡದಾಗಿರಬೇಕು ಅನ್ನುವುದು ಅಳತೆ. ರಾತ್ರಿಯೇ ಬಾಟಲಿಗೆ ನೀರು ತುಂಬಿಸಿ ಬಾಗಿಲ ಬಳಿ ಇಟ್ಟುಕೊಳ್ಳುತ್ತಿದ್ದರು. ‘ಹುಷಾರು ಅನಿಸಿದಾಗ ಮಾಡ್ತೀನಿ’ ಅನ್ನುವುದಕ್ಕೆ ಜಾಗವೇ ಇರಲಿಲ್ಲ, 8 ಗಂಟೆ ಅಂದರೆ 8 ಗಂಟೆ.

ನಾಲ್ಕು ದಿನ ನಡೆಯಿತು. ಐದನೇ ದಿನ ಸ್ವಲ್ಪ ಉತ್ಸಾಹ ಬಂತು, ಇಡೀ ಮನೆ ಗುಡಿಸಿ ಒರೆಸಿ ಬಟ್ಟೆ ಒಗೆದರು. ಆಮೇಲೆ ಮೂರು ದಿನ ಏಳಲಿಲ್ಲ. ‘ನನ್ನ ಕೈಲಿ ಆಗಲ್ಲ ಅಂತ ಹೇಳಿರಲಿಲ್ವಾ’ ಅಂದರು. ಇದು ತುಂಬಾ ಜನರಿಗೆ ಆಗುತ್ತದೆ. ಒಳ್ಳೆಯ ದಿನ ಐದು ತಿಂಗಳ ಸಾಲ ತೀರಿಸಲು ಹೋಗುತ್ತಾರೆ. ಆದ್ದರಿಂದ ಒಳ್ಳೆಯ ದಿನಕ್ಕೂ ಒಂದು ಮಿತಿ ಇಡಿ: ಬರೆದಿಟ್ಟದ್ದಷ್ಟೇ ಮಾಡಿ ನಿಲ್ಲಿಸುವುದು. ತಪ್ಪಿದ ದಿನದ ಕೆಲಸವನ್ನು ಮರುದಿನಕ್ಕೆ ಕೂಡಿಸಬೇಡಿ. ಎರಡು ದಿನ ಸತತ ತಪ್ಪಿದರೆ ಗುರಿ ದೊಡ್ಡದಾಯಿತು ಅಂತ ಅರ್ಥ, ಅರ್ಧಕ್ಕೆ ಇಳಿಸಿ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ದೇಹ ಕೆಲಸ ಮಾಡುತ್ತಿರುತ್ತದೆ, ತಲೆ ಮಾತ್ರ ‘ನಾನು ಹೀಗೇಕಾದೆ’ ಅಂತ ಅದನ್ನೇ ಅರೆಯುತ್ತಿರುತ್ತದೆ. ನಡೆದು ಬಂದರೂ ಅಂಕ 2ರಲ್ಲೇ ನಿಂತರೆ ಇದನ್ನು ಅನುಮಾನಿಸಿ. ಆಗ ಕೆಲಸದ ಒಂದು ವಿವರಕ್ಕೆ ಗಮನ ಕೊಡಿ: ನೀರು ಮಣ್ಣಿಗೆ ಇಳಿಯುವ ಸದ್ದು, ಪಾದಕ್ಕೆ ತಾಗುವ ನೆಲ. ತಲೆ ಮತ್ತೆ ಓಡುತ್ತದೆ, ಮತ್ತೆ ಕರೆದುಕೊಂಡು ಬನ್ನಿ.

ಖುಷಿ ಆಯಿತಾ ಅಂತ ಕೂಡಲೇ ಕೇಳಿಕೊಳ್ಳಬೇಡಿ. ಬಹಳ ದಿನ ಬಿಟ್ಟ ಮೇಲೆ ಖುಷಿ ತಡವಾಗಿಯೇ ಬರುತ್ತದೆ. ಮೊದಲು ಬರುವುದು ‘ಸರಿ, ಆಯ್ತು’ ಅನ್ನುವ ಸಣ್ಣ ತೃಪ್ತಿ. ಅದಕ್ಕೇ ಹಾಳೆಯಲ್ಲಿ ಎರಡು ಅಂಕ ಹಾಕಿ, ಖುಷಿಗೊಂದು, ಮಾಡಿ ಮುಗಿಸಿದ್ದಕ್ಕೊಂದು. ಸ್ನಾನಕ್ಕೆ ಖುಷಿ 1, ಮುಗಿಸಿದ್ದಕ್ಕೆ 5 ಬರಬಹುದು. ಆ 5 ಲೆಕ್ಕಕ್ಕುಂಟು.

ನಿಮ್ಮ ವಿಷಯಕ್ಕೆ ಬಂದರೆ, ವಾಲಿಬಾಲ್ ಈಗಲೇ ಬೇಡ. ಅದರಲ್ಲಿ ಶಕ್ತಿ, ಜನ, ‘ಇಷ್ಟು ದಿನ ಎಲ್ಲಿದ್ದೆ’ ಅನ್ನುವ ಪ್ರಶ್ನೆ ಎಲ್ಲ ಒಟ್ಟಿಗೆ ಇದೆ. ಅದನ್ನು ಒಡೆಯಿರಿ. ಮೊದಲು ಶೂ ಹಾಕಿ ಮನೆಯ ಹೊರಗೆ ಐದು ನಿಮಿಷ. ಮೂರು-ನಾಲ್ಕು ದಿನ ಅದು ಸಲೀಸಾದ ಮೇಲೆ ಹತ್ತು ನಿಮಿಷ. ಆಮೇಲೆ ಮೈದಾನದ ತನಕ ಹೋಗಿ ಹತ್ತು ನಿಮಿಷ ನೋಡಿ ಬರುವುದು. ಆಡುವುದು ವಾರಗಳ ಮೇಲಿನ ಮಾತು. ವಾರಕ್ಕೆರಡು ಇರುವ ಸ್ನಾನವನ್ನು ಮೂರು ಮಾಡಿ, ದಿನ ಗೊತ್ತುಮಾಡಿ.

ಮಾತ್ರೆ ನಿಲ್ಲಿಸಬೇಡಿ. ಅದರ ಜೊತೆಗೆ ಇದನ್ನೂ ಮಾಡಬಹುದು. ಮುಂದಿನ ಭೇಟಿಗೆ ಹಾಳೆ ತೆಗೆದುಕೊಂಡು ಹೋಗಿ, ‘ಹೇಗಿದ್ದೀರಿ’ ಅನ್ನುವ ಪ್ರಶ್ನೆಗೆ ಅದೇ ಉತ್ತರ ಹೇಳುತ್ತದೆ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆ ಬೇಡದಷ್ಟು ಹುರುಪು ಇತ್ತಾ, ಅದನ್ನು ವೈದ್ಯರಿಗೆ ಹೇಳಿ, ಚಿಕಿತ್ಸೆ ಬೇರೆ ಆಗಬಹುದು. ಊಟ, ನೀರು ಬಿಡುವ ಹಂತಕ್ಕೆ ಬಂದರೆ ಅಥವಾ ಸಾಯುವ ಯೋಚನೆ ಶುರುವಾದರೆ ಹಾಳೆ, ಅಂಕ ಎಲ್ಲ ಬದಿಗಿಡಿ. ಅವತ್ತೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ.

ಇನ್ನು ಮೆಸೇಜುಗಳು. ಎಲ್ಲ ತೆರೆಯುವುದು ಬೇಡ, ಹಳೆಯದನ್ನು ಓದುವುದೂ ಬೇಡ. ಕಮ್ಮಿ ಪ್ರಶ್ನೆ ಕೇಳುವ ಒಬ್ಬ ಗೆಳೆಯರನ್ನು ಆರಿಸಿ. ಹೊಸ ಮೆಸೇಜಾಗಿ ಇಷ್ಟೇ ಬರೆಯಿರಿ: ‘ಐದು ತಿಂಗಳಿಂದ ಹುಷಾರಿಲ್ಲ, ಚಿಕಿತ್ಸೆ ನಡೀತಿದೆ. ಉತ್ತರ ಕೊಡದಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಈಗ ಜಾಸ್ತಿ ಮಾತಾಡೋಕೆ ಆಗಲ್ಲ, ಆದರೆ ನೆನಪಿದೆ.’ ಕಳಿಸಿದ ಮೇಲೆ ಮೊಬೈಲು ಬೇರೆ ಕೋಣೆಯಲ್ಲಿಟ್ಟು ಶೂ ಹಾಕಿಕೊಳ್ಳಿ.