ಐದು ಹಂತಗಳಿಗೆ ಐದನೇ ಆರ್ಡರ್ ದಕ್ಕುವುದಿಲ್ಲ

"ಅವಕಲ ಸಮೀಕರಣ ಬಿಡಿಸಲು ಐದು ಹಂತಗಳ ಎಕ್ಸ್‌ಪ್ಲಿಸಿಟ್ ರುಂಗ-ಕುಟ್ಟ ವಿಧಾನ ಕಟ್ಟಿದ್ದೇನೆ. ಹೆಜ್ಜೆ ಅರ್ಧ ಮಾಡಿದರೆ y' = y ಮೇಲೆ ದೋಷ 32 ಪಟ್ಟು ಇಳಿಯುತ್ತದೆ, ಲೋಲಕದ ಮೇಲೆ 16 ಪಟ್ಟು ಮಾತ್ರ. ಕೋಡ್‌ನಲ್ಲಿ ಎಲ್ಲಿ ತಪ್ಪಿದೆ?"

ಕೋಡ್ ಕೆದಕುವ ಅಗತ್ಯವಿಲ್ಲ. ಎರಡೂ ಸಂಖ್ಯೆಗಳು ಇರಬೇಕಾದಂತೆಯೇ ಇವೆ: 32 ಅಂದರೆ 2⁵, ಐದನೇ ಆರ್ಡರ್; 16 ಅಂದರೆ 2⁴, ನಾಲ್ಕನೇ ಆರ್ಡರ್. ಐದನೇ ಆರ್ಡರ್‌ಗೆ ವಿಧಾನದ ಗುಣಾಂಕಗಳು ಪಾಲಿಸಬೇಕಾದ 17 ಷರತ್ತುಗಳಿದ್ದು, y' = y ಅವುಗಳಲ್ಲಿ ಐದನ್ನು ಮಾತ್ರ ಪರೀಕ್ಷಿಸುತ್ತದೆ. ಆರ್ಡರ್ ಅಳೆಯಲು ಆ ಸಮೀಕರಣವೊಂದನ್ನೇ ನೆಚ್ಚಿಕೊಳ್ಳುವ ಅಭ್ಯಾಸವನ್ನು ನಮ್ಮ ಬೆಂಗಳೂರಿನ ಗುಂಪಿನವರು ದಯವಿಟ್ಟು ಬಿಡಬೇಕು.

ಮಲ್ಲೇಶ್ವರದ ಗೆಳೆಯರು "ಗುಣಾಂಕಗಳು 15, ಷರತ್ತುಗಳು 17, ಆದ್ದರಿಂದ ಅಸಾಧ್ಯ" ಎಂದಿದ್ದಾರೆ. ತೀರ್ಮಾನ ಸರಿ, ಕಾರಣ ಸಾಲದು. ಏಳು ಹಂತಗಳಲ್ಲಿ ಗುಣಾಂಕಗಳು 28, ಆರನೇ ಆರ್ಡರ್‌ನ ಷರತ್ತುಗಳು 37. ಆದರೂ ಅಂಥ ವಿಧಾನಗಳಿವೆ. ಐದು ಹಂತಗಳಿಗೆ ಐದನೇ ಆರ್ಡರ್ ಇಲ್ಲ ಎಂದು ಗಣಿತಜ್ಞ ಬುಚರ್ 1964ರಲ್ಲಿ ಸಾಧಿಸಿದ ಫಲಿತಾಂಶಕ್ಕೆ ಬರಿಯ ಎಣಿಕೆಗಿಂತ ಗಟ್ಟಿಯಾದ ಆಧಾರ ಬೇಕಾಗುತ್ತದೆ.

ನಿಮ್ಮ ಐದು ಹಂತಗಳನ್ನೇ ತೆಗೆದುಕೊಳ್ಳಿ. aᵢⱼ ಎಂದರೆ i ನೇ ಹಂತದಲ್ಲಿ j ನೇ ಹಂತಕ್ಕಿರುವ ಗುಣಾಂಕ, bᵢ ಕೊನೆಯ ಮೊತ್ತದಲ್ಲಿ ಆ ಹಂತದ ತೂಕ, cᵢ ಆ ಹಂತದ aᵢⱼಗಳ ಮೊತ್ತ. ಅತಿ ಉದ್ದದ ಷರತ್ತಿನಲ್ಲಿ ಉಳಿಯುವುದು ಒಂದೇ ಪದ: b₅a₅₄a₄₃a₃₂c₂ = 1/120. ಹಾಗಾಗಿ c₂ ಸೊನ್ನೆಯಾಗುವಂತಿಲ್ಲ. ಮೂರನೇ ಹಂತ ಮಾತ್ರ ಉಳಿಯುವಂತೆ ಷರತ್ತುಗಳನ್ನು 2×2 ಮಾತೃಕೆಯಾಗಿ ಜೋಡಿಸಿದರೆ ಅದರ ನಿರ್ಧಾರಕ ಸೊನ್ನೆಯಾಗಲೇಬೇಕು; ಬೆಲೆಗಳನ್ನು ಹಾಕಿ ಲೆಕ್ಕ ಮಾಡಿದಾಗ ಅದು c₂(1−c₄)/2880 ಎಂದು ಬರುತ್ತದೆ, ಅಂದರೆ c₄ = 1. ಇನ್ನೊಂದು ಜೋಡಣೆ ಇದೇ ರೀತಿ c₅ = 1 ಎಂದು ಕೊಡುತ್ತದೆ. ಈಗ ಈ ಮೊತ್ತವನ್ನು ನೋಡಿ:

Σ bᵢ(1−cᵢ)aᵢⱼaⱼₖcₖ = 1/24 − 1/30 = 1/120

ಬಲಗಡೆಯ ಬೆಲೆ ಷರತ್ತುಗಳಿಂದ ಬಂದದ್ದು. ಎಡಗಡೆ cₖ ಸೊನ್ನೆಯಾಗದಿರಲು k ಕನಿಷ್ಠ 2 ಇರಬೇಕು. ವಿಧಾನ ಎಕ್ಸ್‌ಪ್ಲಿಸಿಟ್, ಅಂದರೆ ಪ್ರತಿ ಹಂತವೂ ತನ್ನ ಹಿಂದಿನವನ್ನಷ್ಟೇ ಬಳಸುತ್ತದೆ; ಆದ್ದರಿಂದ j ಕನಿಷ್ಠ 3, i ಕನಿಷ್ಠ 4. ಆದರೆ i = 4 ಮತ್ತು 5 ಎರಡರಲ್ಲೂ (1−cᵢ) ಸೊನ್ನೆ. ಇಡೀ ಮೊತ್ತವೇ ಸೊನ್ನೆಯಾಗುವುದರಿಂದ ಅದು 1/120 ಆಗುವ ದಾರಿಯೇ ಇಲ್ಲ. ನಾಲ್ಕು ಹಂತ, ನಾಲ್ಕನೇ ಆರ್ಡರ್‌ನಲ್ಲಿ ಇದೇ ವಾದ c₄ = 1 ಎಂಬಲ್ಲಿಗೆ ನಿಲ್ಲುತ್ತದೆ, ವಿರೋಧ ಹುಟ್ಟುವುದಿಲ್ಲ; ಯಾರಾದರೂ ಅಂಥ ಹೊಸ ಕೋಷ್ಟಕ ತಂದರೆ ನಾನು ಮೊದಲು c₄ ಅನ್ನೇ ನೋಡುತ್ತೇನೆ.

ವೈಟ್‌ಫೀಲ್ಡ್‌ನವರು ತಮ್ಮ ಬ್ಯಾಟರಿ ಮಾದರಿಯ ಲೆಕ್ಕದಲ್ಲಿ ಉತ್ತರ ಮಿತಿಮೀರಿ ಬೆಳೆಯುತ್ತದೆ ಎಂದು ಬರೆದಿರುವುದು ಸ್ಟಿಫ್ ಸಮೀಕರಣದ ತೊಂದರೆಯಂತೆ ಕಾಣುತ್ತದೆ. ಹಾಗಿದ್ದರೆ ಆರ್ಡರ್ ಏರಿಸಿದರೆ ಅದು ಹೋಗದು, ಇಂಪ್ಲಿಸಿಟ್ ವಿಧಾನ ಬೇಕು.

ಐದನೇ ಆರ್ಡರ್ ಬೇಕೇ ಬೇಕೆಂದರೆ ಆರು ಹಂತಗಳಿಗೆ ಹೋಗಿ. ಕೈಯಾರೆ ಕಟ್ಟುವ ಬದಲು ಡಾರ್ಮಂಡ್-ಪ್ರಿನ್ಸ್ ಎಂಬ ಸಿದ್ಧ ವಿಧಾನ-ಜೋಡಿಯನ್ನು ಬಳಸುವುದು ನನಗೆ ಹೆಚ್ಚು ಹಿಡಿಸುತ್ತದೆ. SciPyಯ `RK45` ಅದೇ. ಅದಕ್ಕೆ ಏಳು ಹಂತಗಳಿದ್ದರೂ ಕೊನೆಯದು ಮುಂದಿನ ಹೆಜ್ಜೆಯ ಮೊದಲನೆಯದಾಗುವುದರಿಂದ ಖರ್ಚು ಆರೇ. ನಿಮ್ಮದೇ ಕಟ್ಟುವುದಾದರೆ 17 ಷರತ್ತುಗಳನ್ನು ದಶಮಾಂಶದಲ್ಲಿ ನೋಡದೆ `fractions.Fraction`ನಲ್ಲಿ ಪರಿಶೀಲಿಸಿ. ಪರೀಕ್ಷೆಗೆ ಒಂಟಿ ಸಮೀಕರಣ ನಾನ್‌ಲೀನಿಯರ್ ಆಗಿದ್ದರೂ ಸಾಲದು, ಏಕೆಂದರೆ ಐದನೇ ಆರ್ಡರ್‌ನಲ್ಲಿ ಅದಕ್ಕೆ ಎರಡು ಷರತ್ತುಗಳು ಒಂದಾಗಿ ಹೆಚ್ಚೆಂದರೆ 16 ಮಾತ್ರ ಕಾಣುತ್ತವೆ; ಕನಿಷ್ಠ ಎರಡು ಚರಗಳ ವ್ಯವಸ್ಥೆ ಬೇಕು. ನಿಮ್ಮ ಲೋಲಕಕ್ಕೆ ಈ ಖರ್ಚು ಲಾಭವೋ ಅಲ್ಲವೋ ಎಂಬುದನ್ನು ಎಷ್ಟು ನಿಖರತೆ ಬೇಕೆಂದು ತಿಳಿಯದೆ ನಾನು ಹೇಳಲಾರೆ.